ಕೈಮೀರಿದರೆ ಅಂತ ಎತ್ತಿಟ್ಟದ್ದು

"ಮೇಸ್ತ್ರಿ, ಇವನ ಮಾತನ್ನ ಲೆಕ್ಕಕ್ಕೆ ತಗೋಬೇಡಿ. ಈ ಮನೇಲಿ ಬಾಡಿಗೆ ಕೊಡದೇ ಇರೋ ಬಾಡಿಗೆದಾರ ಅಂದ್ರೆ ಇವನೊಬ್ಬನೇ."

ಅಣ್ಣ ಇದನ್ನು ಪಿಸುಗುಟ್ಟಲಿಲ್ಲ. ನಡುಮನೆಯಲ್ಲಿ, ಎಲ್ಲರ ಕೈಯಲ್ಲೂ ಟೀ ಲೋಟ ಇರುವಾಗ, ಕಚೇರಿಯಲ್ಲಿ ಸುತ್ತೋಲೆ ಓದುವ ದನಿಯಲ್ಲೇ ಹೇಳಿದ. ಮೇಸ್ತ್ರಿ ನಕ್ಕ. ಅತ್ತಿಗೆ ಸೆರಗಿನಲ್ಲಿ ನಕ್ಕಳು. ಅತ್ತಿಗೆಯ ಅಪ್ಪ, ಯಾರು ಏನು ಹೇಳಿದರೂ 'ಸರಿ ಸರಿ' ಎನ್ನುವ ಮನುಷ್ಯ, ಇದಕ್ಕೂ 'ಸರಿ ಸರಿ' ಎಂದುಬಿಟ್ಟರು. ಗೋಡೆಗೆ ಒರಗಿ ಕೂತಿದ್ದ ಅಮ್ಮ ಮಾತ್ರ ಮೊಣಕಾಲನ್ನು ಒತ್ತಿಕೊಳ್ಳುತ್ತ ನೆಲ ನೋಡಿದಳು.

ಚಿಕ್ಕವನ ಕಿವಿ ಕಾದ ಕಾವಲಿಯಾಯಿತು. ಮನೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಹಾಗೇ, ಚಿಕ್ಕೋನು ಎಂದು. ಓದು ಎಂಟನೇ ಕ್ಲಾಸಿಗೆ ನಿಂತಿತ್ತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ದಿನ ಕಿಟಕಿಯಿಂದ ಚೀಲ ಎಸೆದು, ಬಾಗಿಲಿನಿಂದ ತಾನು ಹೊರಟವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿಂದ ಸುಟ್ಟುಹೋದ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಸೇರಿದ. ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ತಂತಿ ಸುತ್ತಿ ಎರಡು ಲಕ್ಷ ಕೂಡಿಸಿದ್ದ. ಬ್ಯಾಂಕಿನಲ್ಲಿ ಡಿಪಾಸಿಟ್ಟಿತ್ತು. ಅದು ಅಂಗಡಿ ದುಡ್ಡು. ಸ್ವಂತ ಅಂಗಡಿಯ ಮುಂಗಡ, ಸುತ್ತುವ ಯಂತ್ರ, ಒಂದು ಬೋರ್ಡು. ಆ ಬೋರ್ಡಿನ ಮೇಲೆ ಯಾವ ಬಣ್ಣದಲ್ಲಿ ಬರೆಸಬೇಕು ಎನ್ನುವುದನ್ನೂ ಅವನು ನಿಶ್ಚಯಿಸಿಯಾಗಿತ್ತು.

ಇಷ್ಟಕ್ಕೂ ಆದದ್ದೇನು? ಅಪ್ಪ ಕಟ್ಟಿಸಿದ ಮನೆಗೆ ರಿಪೇರಿ. ಬಚ್ಚಲು ಹಿತ್ತಿಲಲ್ಲಿ, ಮೂರು ಮೆಟ್ಟಿಲು ಕೆಳಗೆ. ಅಮ್ಮನಿಗೆ ಆ ಮೂರು ಮೆಟ್ಟಿಲು ದಿನಾ ಬೆಟ್ಟ. ಬಚ್ಚಲನ್ನು ಮನೆಯೊಳಕ್ಕೆ ತರಬೇಕು. ಅಡುಗೆಮನೆಯ ತಾರಸಿ ಸೋರುತ್ತಿತ್ತು. ವಯರಿಂಗು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಎಲ್ಲ ಸೇರಿ ಮೇಸ್ತ್ರಿ ಎಂಟು ಲಕ್ಷ ಹೇಳಿದ್ದ. ಅಣ್ಣ ನಾಲ್ಕು ಸಂಜೆ ಕೂತು ಬಜೆಟ್ಟು ಹಾಕಿದ್ದ. ಅಮ್ಮನ ಕೈಲಿರುವ ಅಪ್ಪನ ಗ್ರಾಚ್ಯುಟಿಯಲ್ಲಿ ಮೂರು ಲಕ್ಷ, ತನ್ನ ಸಂಬಳದ ಮೇಲೆ ಬ್ಯಾಂಕ್ ಸಾಲ ಐದು ಲಕ್ಷ. ಅಲ್ಲಿಗೆ ಲೆಕ್ಕ ಮುಗಿಯಬೇಕಿತ್ತು. ಆದರೆ ಅಣ್ಣನಿಗೆ ತನ್ನ ಲೆಕ್ಕದ ಮೇಲೆ ಎಷ್ಟು ಪ್ರೀತಿ ಎಂದರೆ, ಮೇಸ್ತ್ರಿಯ ಎದುರೇ ಹಾಳೆಯ ಕೊನೆಯ ಸಾಲನ್ನೂ ಓದತೊಡಗಿದ್ದ.

"ಇದಲ್ಲದೆ, ಕೈಮೀರಿದ್ರೆ ಅಂತ ಒಂದು ಲಕ್ಷ ಇಪ್ಪತ್ತು ಸಾವಿರ ಬೇರೆ ಎತ್ತಿಟ್ಟಿದ್ದೀನಿ. ಹಳೇ ಮನೆ ನೋಡಿ, ಗೋಡೆ ಒಡೆದ್ರೆ ಒಳಗೇನಿದ್ಯೋ ಯಾರಿಗೆ ಗೊತ್ತು? ನೂರಕ್ಕೆ ಹದಿನೈದು. ಚಿಕ್ಕೋನ ಡಿಪಾಸಿಟ್ಟಿಂದ."

ಚಿಕ್ಕವನಿಗೆ ಒಟ್ಟಿಗೇ ಎರಡು ಕಡೆ ಚುಚ್ಚಿತ್ತು. ತನ್ನ ದುಡ್ಡನ್ನು ತನ್ನನ್ನು ಕೇಳದೆ ಬರೆದದ್ದು ಒಂದು. ಖರ್ಚು ಮಾಡುವ ಮೇಸ್ತ್ರಿಯ ಕಿವಿಗೇ ಅದನ್ನು ಓದಿ ಹೇಳಿದ್ದು ಇನ್ನೊಂದು. ಮೆತ್ತಗೆ ಹೇಳಬಹುದಿತ್ತು. ಅವನ ಬಾಯಿಗೆ ಮೆತ್ತಗೆ ಬರುವುದಿಲ್ಲ. "ಲೇ, ಬಾಯ್ಮುಚ್ಚೋ! ಅದನ್ಯಾಕೆ ಊರಿಗೆಲ್ಲ ಸಾರ್ತೀಯ?" ಎಂದಿದ್ದ. ಅದಕ್ಕೆ ಬಿದ್ದದ್ದು ಬಾಡಿಗೆದಾರನ ಪಟ್ಟ.

ಆಗ ಎದ್ದು ಹೋಗಿದ್ದರೆ ಈ ಕತೆ ಇಷ್ಟುದ್ದ ಆಗುತ್ತಿರಲಿಲ್ಲ. ಅವನು ಉತ್ತರ ಕೊಟ್ಟ.

"ಬರ್ಕೋ! ಒಂದು ಇಪ್ಪತ್ತು ತಾನೆ? ಬರ್ಕೋ. ಬಾಡಿಗೆ ಅಂತಾನೇ ಬರ್ಕೋ. ಇಲ್ಲಿವರೆಗೆ ತಿಂದ ಅನ್ನಾನೂ ಅದ್ರಲ್ಲೇ ಮುರ್ಕೋ!"

"ಸರಿ ಸರಿ," ಎಂದರು ಅತ್ತಿಗೆಯ ಅಪ್ಪ.

ಅಣ್ಣ ನಿಜವಾಗಿಯೂ ಪೆನ್ನು ತೆಗೆದು ಆ ಸಾಲಿನ ಮುಂದೆ ಒಂದು ಗೀಟು ಹಾಕಿದ. ಮೇಸ್ತ್ರಿ ಟೀ ಮುಗಿಸಿ, ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಒಳಗಿಂದ ಯಾರಾದರೂ 'ಯಾರದು' ಎನ್ನುತ್ತಾರೇನೋ ಎಂಬಂತೆ ಕಿವಿಗೊಟ್ಟು ನಿಂತ.

ಮಾರನೇ ದಿನ ಅಂಗಡಿಯಲ್ಲಿ ಚಿಕ್ಕವನ ಕೈ ನಿಲ್ಲಲಿಲ್ಲ. ಒಂದು ಪಂಪಿನ ಮೋಟರಿಗೆ ಸುತ್ತಿದ ತಂತಿ ಬಿಚ್ಚಿ ಸುತ್ತಿದ, ಮತ್ತೆ ಬಿಚ್ಚಿದ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಬೆನ್ನು ತುರಿಸುತ್ತಿತ್ತು. ಸಾಹುಕಾರ ಕನ್ನಡಕದ ಮೇಲಿಂದ ನೋಡಿ, "ಏನೋ, ಇರುವೆ ಗೂಡಿನ ಮೇಲೆ ಕೂತಿದ್ದೀಯಾ?" ಎಂದ. "ಬ್ಯಾಂಕಿಗೆ ಹೋಗ್ಬೇಕು," ಎಂದ ಚಿಕ್ಕವನು. "ಹಾಗಾದ್ರೆ ಹೋಗಿ ಬಾ ಮಾರಾಯ. ನೀನು ಸುತ್ತೋದಕ್ಕಿಂತ ಬಿಚ್ಚೋದೇ ಜಾಸ್ತಿಯಾಯ್ತು."

ಡಿಪಾಸಿಟ್ಟು ಮುರಿಸಿ, ದುಡ್ಡನ್ನು ಅಣ್ಣನ ಮುಖದ ಮುಂದೆ ಬಿಸಾಡಬೇಕು. ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡು ಹೋದ. ಎಡಗೈಯಲ್ಲಿ ಬಿಸಾಡಬೇಕೋ ಬಲಗೈಯಲ್ಲೋ ಎನ್ನುವವರೆಗೆ.

ಬ್ಯಾಂಕಿನ ಕಿಟಕಿಯಲ್ಲಿ ಕೂತಿದ್ದ ಮೇಡಂ ರಸೀದಿ ನೋಡಿದರು. ತಲೆ ಎತ್ತಿ ಅವನ ಮುಖ ನೋಡಿದರು. ಮತ್ತೆ ರಸೀದಿ ನೋಡಿದರು.

"ಇನ್ನು ಏಳು ತಿಂಗಳಿಗೆ ಮುಗಿಯುತ್ತೆ. ಈಗ ಮುರಿದ್ರೆ ಬಡ್ಡಿ ಕಡಿಮೆಯಾಗುತ್ತೆ, ದಂಡ ಒಂದು ಪರ್ಸೆಂಟು ಬೇರೆ. ಅಷ್ಟು ಅರ್ಜೆಂಟೇನು?"

"ಮನೆ ರಿಪೇರಿ."

"ಎಲ್ಲಾ ಈಗ್ಲೇ ಬೇಕಾ?"

"ಇಲ್ಲ... ಕೈಮೀರಿದ್ರೆ ಬೇಕು."

ಮೇಡಂ ಪೆನ್ನು ಕೆಳಗಿಟ್ಟರು. "ಮೀರುತ್ತೋ ಇಲ್ವೋ ಗೊತ್ತಿಲ್ಲದ್ದಕ್ಕೆ ಈಗ್ಲೇ ಯಾಕೆ ಮುರಿಸ್ತೀರಿ? ಡಿಪಾಸಿಟ್ ಹಾಗೇ ಇರಲಿ. ಅದರ ಮೇಲೆ ಓವರ್‌ಡ್ರಾಫ್ಟ್ ಮಾಡ್ಕೊಡ್ತೀನಿ. ಚೆಕ್ ಪುಸ್ತಕ ಕೊಡ್ತೀವಿ. ಎಷ್ಟು ತೆಗೀತೀರೋ ಅಷ್ಟಕ್ಕೆ, ಎಷ್ಟು ದಿನವೋ ಅಷ್ಟು ದಿನಕ್ಕೆ ಮಾತ್ರ ಬಡ್ಡಿ. ತೆಗೀಲೇ ಇಲ್ವಾ, ಬಡ್ಡೀನೂ ಇಲ್ಲ."

"ಬಡ್ಡಿ ಎಷ್ಟು?"

"ಡಿಪಾಸಿಟ್‌ಗೆ ನಾವು ಕೊಡೋದು ಏಳು. ನಿಮ್ಮಿಂದ ತಗೊಳ್ಳೋದು ಒಂಬತ್ತು."

"ನನ್ನ ದುಡ್ಡಿಗೆ ನಾನೇ ಬಡ್ಡಿ ಕಟ್ಟಬೇಕಾ?" ಚಿಕ್ಕವನ ದನಿ ಏರಿತು. ಹಿಂದೆ ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

"ನಿಮ್ಮ ದುಡ್ಡು ನಮ್ಮ ಹತ್ರ ಏಳು ದುಡೀತಾನೇ ಇರುತ್ತಲ್ಲ. ನಿಮಗೆ ಬೀಳೋದು ಮಧ್ಯದ ಎರಡು. ಕೈ ಪೂರ್ತಿ ಬರಿದಾಗದೇ ಇರೋದಕ್ಕೆ ಕೊಡೋ ಬೆಲೆ ಅಂದ್ಕೊಳ್ಳಿ." ಮೇಡಂಗೆ ಇಂಥ ದನಿಗಳ ಅಭ್ಯಾಸವಿತ್ತು. "ಅದಿರಲಿ, ಈ ಎರಡು ಲಕ್ಷ ಬಿಟ್ಟು ನಿಮ್ಮ ಹತ್ರ ಇನ್ನೇನಿದೆ? ನಾಳೆ ಕೈಗೆ ಪೆಟ್ಟಾಗಿ ಮೂರು ತಿಂಗಳು ಕೆಲಸಕ್ಕೆ ಹೋಗದಿದ್ರೆ?"

ಚಿಕ್ಕವನು ಮನಸ್ಸಿನಲ್ಲೇ ಎಣಿಸಿದ. ಅಂಗಡಿ ದುಡ್ಡೂ ಅದೇ, ಕಷ್ಟಕಾಲದ ದುಡ್ಡೂ ಅದೇ, ಈಗ ಮನೆಯ ಕೈಮೀರಿದ ದುಡ್ಡೂ ಅದೇ. ಒಂದೇ ಹಸುವನ್ನು ಮೂರು ಮನೆಯವರು ಕರೆಯಲು ಹೊರಟಂತೆ. ಅಣ್ಣನನ್ನು ಬೈದದ್ದು ಸರಿ, ತಾನು ಮಾಡಿದ್ದೇನು?

"ಎರಡು ಲಕ್ಷಕ್ಕೆ ಒಂದು ಎಂಬತ್ತರವರೆಗೂ ಕೊಡಬಹುದು," ಎಂದರು ಮೇಡಂ. "ಆದ್ರೆ ನಿಮಗೆ ಬೇಕಾದಷ್ಟಕ್ಕೇ ಮಿತಿ ಹಾಕಿಸ್ಕೊಳ್ಳಿ. ಮಿತಿ ದೊಡ್ಡದಾದಷ್ಟೂ ಮನೆಯವರಿಗೆ ಹೊಸ ಖರ್ಚು ಕಾಣುತ್ತೆ. ನಾನು ದಿನಾ ನೋಡ್ತೀನಿ."

ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಮಿತಿ ಹಾಕಿಸಿದ. ಆಡಿದ ಮಾತು ಅಷ್ಟೇ. ಅದಕ್ಕೆ ಒಂದು ಕಾಸು ಹೆಚ್ಚಿಲ್ಲ. ಉಳಿದ ಎಂಬತ್ತನ್ನು ಯಾರೂ ಮುಟ್ಟುವಂತಿಲ್ಲ, ತಾನೂ. ಹೊರಗೆ ಬಂದ ಮೇಲೆ ಬಿಸಾಡಲು ಕೈಯಲ್ಲಿ ದುಡ್ಡೇ ಇರಲಿಲ್ಲ. ಚೆಕ್ ಪುಸ್ತಕವನ್ನು ಯಾರ ಮುಖಕ್ಕೆ ಬಿಸಾಡುವುದು? ಅಷ್ಟು ತೆಳ್ಳಗಿನದು ಹಾರಿ ಎಲ್ಲೋ ಬೀಳುತ್ತದೆ.

ಕೆಲಸ ಶುರುವಾಯಿತು. ಮನೆ ಮನೆಯಾಗಿ ಉಳಿಯಲಿಲ್ಲ. ಹಾಸಿಗೆಗಳೆಲ್ಲ ನಡುಮನೆಯಲ್ಲಿ ಒಂದರ ಮೇಲೊಂದು, ಪಾತ್ರೆಗಳು ಮಂಚದ ಕೆಳಗೆ, ಎಲ್ಲದರ ಮೇಲೂ ಸಿಮೆಂಟಿನ ಬೂದು. ಚಿಕ್ಕವನು ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ ಒಡೆದ ಗೋಡೆಗಳ ನಡುವೆ ಹೋಗಿ ಬರುತ್ತಿದ್ದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು. "ಬನ್ನಿ ಓನರ್ರೇ, ಹಾಜರಿ ಹಾಕಿ," ಎನ್ನುತ್ತಿದ್ದ.

ಬಚ್ಚಲಿಗೆ ನೀರು ತರಲು ಗೋಡೆ ಕೊರೆದಾಗ ಮೊದಲ ಪೆಟ್ಟು ಬಿತ್ತು. ಒಳಗಿನ ಹಳೇ ಕಬ್ಬಿಣದ ಪೈಪು ತುಕ್ಕು ಹಿಡಿದು ಸುಣ್ಣದ ಕಡ್ಡಿಯಂತೆ ಪುಡಿಯಾಯಿತು. ಬರಿಯ ಬಚ್ಚಲಿನದಲ್ಲ, ಟ್ಯಾಂಕಿನಿಂದ ಅಡುಗೆಮನೆಯವರೆಗಿನ ಇಡೀ ಸಾಲು ಹಾಗೇ. ಮೇಸ್ತ್ರಿ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. "ಇದು ಎಸ್ಟಿಮೇಟಲ್ಲಿ ಇರಲಿಲ್ಲ. ಮೂವತ್ತೈದು ಆಗುತ್ತೆ. ಹೆಂಗೂ ಎತ್ತಿಟ್ಟಿದ್ದೀರಲ್ಲ."

ಚಿಕ್ಕವನು ಪೈಪಿನ ಅಂಗಡಿ, ಪ್ಲಂಬರ್ ಇಬ್ಬರನ್ನೂ ತಾನೇ ವಿಚಾರಿಸಿ ಬಂದ. ಮೂವತ್ತೈದೇ ಆಗುತ್ತಿತ್ತು. ಚೆಕ್ಕು ಹರಿದ. ಇದಕ್ಕೇ ತಾನೆ ಇಟ್ಟದ್ದು. ಹೊಟ್ಟೆ ಉರಿಯಿತು, ಆದರೆ ಉರಿಯಲು ನ್ಯಾಯವಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಆಮೇಲೆ ಆ 'ಹೆಂಗೂ ಎತ್ತಿಟ್ಟಿದ್ದೀರಲ್ಲ' ಎನ್ನುವುದು ಮನೆಯ ತುಂಬ ಧೂಳಿಗಿಂತ ವೇಗವಾಗಿ ಹರಡಿತು. ವಯರಿಂಗಿನವನು ಇನ್ನೂ ನಾಲ್ಕು ಪಾಯಿಂಟು ಹಾಕೋಣ್ವಾ ಎಂದ, ಹೆಂಗೂ ಎತ್ತಿಟ್ಟಿದ್ದೀರಲ್ಲ. ಬಡಗಿ ಬಾಗಿಲಿಗೆ ಒಳ್ಳೇ ಮರ ಹಾಕೋಣ್ವಾ ಎಂದ, ಹೆಂಗೂ ಎತ್ತಿಟ್ಟಿದ್ದೀರಲ್ಲ. ಅತ್ತಿಗೆ ಒಂದು ಸಂಜೆ ಲೋಟಕ್ಕೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ ಟೀ ಕೊಟ್ಟಾಗಲೇ ಚಿಕ್ಕವನು ಹುಷಾರಾಗಬೇಕಿತ್ತು.

"ಚಿಕ್ಕೋನೇ, ಅಡುಗೆಮನೆಗೆ ಎಳೆಯೋ ಡ್ರಾಯರ್ ಹಾಕಿಸಿದ್ರೆ ಹೇಗೆ? ನಮ್ಮಕ್ಕನ ಮನೇಲಿ ಒಂದು ಬೆರಳಲ್ಲಿ ಎಳೀತಾಳೆ ನೋಡು. ಗಾಳಿ ತರ ಬರುತ್ತೆ."

"ಅತ್ತಿಗೆ, ಈಗಿರೋ ಕಪಾಟಿಗೆ ಎಷ್ಟು ಬೆರಳು ಬೇಕು?"

"ಮಾತಾಡೋದು ನೋಡು! ಹೆಂಗೂ..."

"ಎತ್ತಿಟ್ಟಿರೋದು ಗೋಡೆ ಬಿದ್ರೆ ಅಂತ. ಡ್ರಾಯರ್ ಇಲ್ಲ ಅಂತ ಯಾವ ಗೋಡೆ ಬಿದ್ದಿದೆ?"

ಅತ್ತಿಗೆ ಲೋಟ ಕಿತ್ತುಕೊಂಡು ಹೋದಳು. ಅರ್ಧ ಟೀ ಇನ್ನೂ ಇತ್ತು.

ಮೂಲೆಯಲ್ಲಿ ಹಾಸಿಗೆಗಳ ಗುಡ್ಡಕ್ಕೆ ಒರಗಿದ್ದ ಅಮ್ಮ ಇದನ್ನೆಲ್ಲ ಕೇಳುತ್ತಿದ್ದಳು. "ಮಗಾ, ನನಗೆ ಬೇಕಾಗಿರೋದು ಒಂದು ಬಚ್ಚಲು. ಮೆಟ್ಟಿಲಿಲ್ಲದ್ದು. ನನ್ನ ಹತ್ರ ಇರೋದೇ ಎರಡು ಕಾಲು, ಎರಡೂ ಮುಷ್ಕರ ಹೂಡಿವೆ. ನೀವು ನೋಡಿದ್ರೆ ಅರಮನೆ ಕಟ್ತಿದ್ದೀರ."

"ನಾನಲ್ಲಮ್ಮ."

"ನೀನು ಕಟ್ತಿಲ್ಲ, ಕಾವಲು ಕಾಯ್ತಿದ್ದೀಯ. ಅದೂ ಹೇಗೆ, ಬಾಲಕ್ಕೆ ಬೆಂಕಿ ಬಿದ್ದೋನ ತರ. ಒಂದು ಕಡೆ ಕೂತ್ಕೋ."

ಕೂತ. ಒಂದು ಕ್ಷಣ. ಹೊರಗೆ ಇಟ್ಟಿಗೆ ಇಳಿಸುವ ಸದ್ದು ಕೇಳಿತು, ಎದ್ದ.

ಅಮ್ಮನ ಮೂರು ಲಕ್ಷ ಮೊದಲು ಖರ್ಚಾಯಿತು. ಬ್ಯಾಂಕಿನ ಕರಾರೇ ಹಾಗೆ: ಮನೆಯವರ ಪಾಲು ಮೊದಲು ಕೆಲಸಕ್ಕೆ ಬೀಳಬೇಕು, ಆಮೇಲೆ ಸಾಲ ಕಂತು ಕಂತಾಗಿ ಬರುತ್ತದೆ, ಆಗಿರುವಷ್ಟು ಕೆಲಸವನ್ನು ಬ್ಯಾಂಕಿನ ಎಂಜಿನಿಯರು ಬಂದು ನೋಡಿ ಬರೆದ ಮೇಲೆ. ಮೊದಲ ಕಂತು ಬಂತು. ಎರಡನೆಯದರ ಹೊತ್ತಿಗೆ ಎಂಜಿನಿಯರು ರಜೆ ಹಾಕಿದ. ಕೆಲಸದವರ ವಾರದ ಬಟವಾಡೆ ನಿಂತಿತು. ಅಣ್ಣ ಚಿಕ್ಕವನನ್ನು ತಾರಸಿಗೆ ಕರೆದ. ಬಿಸಿಲಿಗೆ ಇಬ್ಬರ ಕಣ್ಣೂ ಕಿರಿದಾಗಿದ್ದವು.

"ಮೂವತ್ತು ಸಾವಿರ. ಎರಡನೇ ಕಂತು ಬಂದ ದಿನಾನೇ ನಿನ್ನ ಖಾತೆಗೆ ವಾಪಸ್ ಹಾಕ್ತೀನಿ. ಇದು ಖರ್ಚಲ್ಲ, ಕೈಬದಲು."

ಬಟವಾಡೆ ನಿಂತರೆ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗುತ್ತಾನೆ, ಅಮ್ಮ ಇನ್ನೊಂದು ತಿಂಗಳು ಮೆಟ್ಟಿಲಿಳಿಯುತ್ತಾಳೆ. ಚಿಕ್ಕವನು ಚೆಕ್ಕು ಬರೆದ. ಬರೆಯುವಾಗ ಅಣ್ಣ ಉಗುರು ಕಚ್ಚುತ್ತಿದ್ದದ್ದನ್ನು ನೋಡಿದ. ಎಲ್ಲ ಬೆರಳುಗಳ ಉಗುರೂ ಬುಡದವರೆಗೆ ಹೋಗಿದ್ದವು.

ಎರಡನೇ ಕಂತು ಬಂತು. ಮೂವತ್ತು ಬರಲಿಲ್ಲ. ಬಂದದ್ದು ಡ್ರಾಯರುಗಳು. ಒಂದು ಬೆರಳಲ್ಲಿ ಎಳೆದರೆ ಗಾಳಿಯಂತೆ ಬರುವಂಥವು. ಚಿಕ್ಕವನು ಅಡುಗೆಮನೆಯಲ್ಲಿ ನಿಂತು ಒಂದನ್ನು ಎಳೆದ. ಬಂತು. ತಳ್ಳಿದ. ಹೋಯಿತು. ಎಳೆದ, ತಳ್ಳಿದ, ಎಳೆದ, ತಳ್ಳಿದ. ಐದಾರು ಸಲವಾದ ಮೇಲೆ ಅಣ್ಣ ಬಾಗಿಲಲ್ಲಿ ನಿಂತಿರುವುದು ಕಂಡಿತು.

"ನನ್ನ ದುಡ್ಡೆಲ್ಲೋ?"

"ಮುಂದಿನ ಕಂತಲ್ಲಿ ಹಾಕ್ತೀನಿ ಅಂದ್ನಲ್ಲ."

"ಯಾವಾಗಂದೆ?"

"ಈಗ ಅಂತಿದ್ದೀನಿ." ಅಣ್ಣ ಒಳಗೆ ಬಂದು ದನಿ ತಗ್ಗಿಸಿದ. "ನೋಡೋ, ನೀನು ಒಂದು ಸಲ ಕೊಟ್ಟು ಕೈ ತೊಳ್ಕೊಳ್ತೀಯ. ನನಗೆ ತಿಂಗಳು ತಿಂಗಳು ಎಂಟು ಸಾವಿರ, ಏಳು ವರ್ಷ. ಸ್ಕೂಟರ್ ಸಾಲ ಬೇರೆ. ಇನ್ನೂ ಐವತ್ತು ಕೊಡಿ ಅಂತ ಬ್ಯಾಂಕಿಗೆ ಕೇಳ್ದೆ. ಸಂಬಳ ತಾಳಲ್ಲ ಅಂದ್ರು. ಅಲ್ಲಿ ಹಾಗನ್ನಿಸ್ಕೊಂಡು ಬರೋವಾಗ ಹೇಗಿರುತ್ತೆ ಗೊತ್ತಾ? ಇವಳಿಗೆ ಮದುವೆಯಾದಾಗಿನಿಂದ ಒಂದು ಅಡುಗೆಮನೆ ಮಾಡಿಸ್ಕೊಡ್ತೀನಿ ಅಂತಿದ್ದೆ. ಏಳು ವರ್ಷ ಸಾಲ ಕಟ್ಟೋ ಮನೇಲಿ ಒಂದು ಡ್ರಾಯರ್ ಬೇಡ್ವೇನೋ?"

ಬಯ್ಯಲು ಬಂದ ಚಿಕ್ಕವನಿಗೆ ಬಯ್ಯುವ ಜಾಗವೇ ಸಿಗದಂತಾಯಿತು. ಅವನು ಡ್ರಾಯರನ್ನು ಇನ್ನೊಮ್ಮೆ ತಳ್ಳಿ ಹೊರಗೆ ನಡೆದ. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು; ದಢಾರ್ ಎನ್ನಿಸಬೇಕೆಂದಿದ್ದವನಿಗೆ ಅದೂ ಮೋಸ.

ಅಂಗಡಿಯ ಬೀದಿಯಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಹಳೇ ದರ್ಜಿಯದು, ಕಿರಿದು, ಆದರೆ ಮೂಲೆಯಲ್ಲಿ. ಮಾಲೀಕ ಅಜ್ಜ ಚಿಕ್ಕವನನ್ನು ಕಂಡಾಗಲೆಲ್ಲ ಬೀಗದ ಕೈ ಆಡಿಸಿ ತೋರಿಸುತ್ತಿದ್ದ. "ಮುಂಗಡ ಎಂಬತ್ತು ಕೊಟ್ರೆ ಸಾಕಪ್ಪ. ತಿಂಗಳ ಕೊನೇವರೆಗೆ ಕಾಯ್ತೀನಿ, ಆಮೇಲೆ ಮೊಬೈಲಿನವನು ಬರ್ತಾನಂತೆ." ಎಂಬತ್ತು! ಮುಟ್ಟುವಂತಿಲ್ಲದ ಎಂಬತ್ತು. ಯಂತ್ರ ಕಂತಿನಲ್ಲಿ ಸಿಗುತ್ತದೆ. ಓವರ್‌ಡ್ರಾಫ್ಟಿನಲ್ಲಿ ತೆಗೆದದ್ದನ್ನು ತಿಂಗಳು ತಿಂಗಳು ತೀರಿಸಬಹುದು, ಡಿಪಾಸಿಟ್ಟು ಮುಗಿದ ದಿನ ಬ್ಯಾಂಕಿಗೆ ಬರಬೇಕಾದ್ದು ಬ್ಯಾಂಕಿಗೆ, ಉಳಿದದ್ದು ತನಗೆ. ಅಷ್ಟರವರೆಗೆ ಮುಂಗಡಕ್ಕೆ ಕಾಯುವಂತೆ ಅಜ್ಜನನ್ನು ಒಪ್ಪಿಸಬೇಕು, ಇಲ್ಲವೇ ಸಾಹುಕಾರನನ್ನು ಕೇಳಬೇಕು. ಡಿಪಾಸಿಟ್ಟು ಮುರಿದರೆ ಕೈಗೆ ಬಂದದ್ದನ್ನು ಮನೆಯೇ ನುಂಗುತ್ತದೆ; ಮುರಿಯದಿದ್ದರೆ ಮಾತ್ರ ಈ ದಾರಿ ಇತ್ತು. ಸಂದಿ ಅಷ್ಟೇ, ಆದರೂ ದಾರಿ.

ಅಡುಗೆಮನೆಯ ಸೂರಿನ ಪ್ಲಾಸ್ಟರು ಕೆತ್ತಿದ್ದು ಆ ವಾರವೇ. ಚಿಕ್ಕವನು ಮಧ್ಯಾಹ್ನ ಬಂದಾಗ ಮೇಸ್ತ್ರಿ ಏಣಿಯ ಮೇಲೆ ನಿಂತಿದ್ದ, ಹಾಜರಿಯ ತಮಾಷೆ ಮಾಡಲಿಲ್ಲ. ಸುಮ್ಮನೆ ಸುತ್ತಿಗೆಯಿಂದ ಸೂರಿಗೆ ತಟ್ಟಿದ. ಗಟ್ಟಿ ಸದ್ದಲ್ಲ, ಟೊಳ್ಳು ಸದ್ದು. ಒಂದು ಹಿಡಿ ಕಾಂಕ್ರೀಟು ಕಳಚಿ ಹೊಸ ಡ್ರಾಯರಿನ ಮೇಲೆ ಬಿತ್ತು. ಒಳಗಿನ ಕಂಬಿಗಳು ಕಂಡವು. ತುಕ್ಕು ಪದರ ಪದರವಾಗಿ ಊದಿಕೊಂಡು, ಕೆಲವು ಕಡೆ ಬೆರಳಷ್ಟಿದ್ದದ್ದು ಕಡ್ಡಿಯಷ್ಟಾಗಿತ್ತು.

"ಸೋರಿಕೆ ಎಷ್ಟು ವರ್ಷದ್ದೋ," ಎಂದ ಮೇಸ್ತ್ರಿ. "ಮುಚ್ಚಿ ಬಣ್ಣ ಬಳಿದ್ರೆ ಎರಡು ಮಳೆಗಾಲ ಯಾರಿಗೂ ಕಾಣಲ್ಲ. ಸರಿಯಾಗಿ ಮಾಡ್ಬೇಕು ಅಂದ್ರೆ ಸಡಿಲ ಇರೋದೆಲ್ಲ ಕೆತ್ತಿ, ತುಕ್ಕು ಉಜ್ಜಿ, ಸವೆದಲ್ಲಿ ಹೊಸ ಕಂಬಿ ಕಟ್ಟಿ, ಗಟ್ಟಿ ಗಾರೆ ತುಂಬಬೇಕು. ಮೇಲೆ ನೀರು ಇಳಿಯದ ಹಾಗೆ ಮಾಡೋದು ಎಸ್ಟಿಮೇಟಲ್ಲೇ ಇತ್ತು, ಇದು ಬೇರೆ. ಐವತ್ತಾಗುತ್ತೆ."

"ಕೆಳಗೆ ಯಾರು ನಿಲ್ತಾರೆ ಗೊತ್ತಾ ಇಲ್ಲಿ?"

"ಗೊತ್ತು. ನಿಮ್ಮತ್ತಿಗೆ, ನಿಮ್ಮಮ್ಮ."

"ಹಾಗಾದ್ರೆ ಎರಡು ಮಳೆಗಾಲದ ಮಾತು ಯಾಕೆ ಆಡಿದ್ರಿ?"

ಮೇಸ್ತ್ರಿ ಏಣಿಯಿಂದ ಇಳಿದ. ಒಮ್ಮೆ ಬಾಗಿಲ ಕಡೆ ನೋಡಿದ. "ನಿಮ್ಮಣ್ಣ ಹಾಗೆ ಕೇಳಿದ್ರು. ಸೂರು ಯಾರಿಗೆ ಕಾಣುತ್ತೆ, ಮುಂದಿನ ಗೋಡೆಗೆ ಅಲಂಕಾರದ ಕಲ್ಲು ಹಾಕೋಣ ಅಂದ್ರು. ಐವತ್ತೈದಂತೆ. ಕಲ್ಲಿನಂಗಡೀಲಿದ್ದಾರೆ ಈಗ. ನನ್ನನ್ನೂ ಅಳತೆ ಹೇಳೋಕೆ ಬರೋಕೆ ಹೇಳಿದ್ದಾರೆ."

ಮಿತಿಯಲ್ಲಿ ಉಳಿದಿದ್ದದ್ದೂ ಐವತ್ತೈದೇ. ಅಣ್ಣ ಲೆಕ್ಕದಲ್ಲಿ ಯಾವಾಗಲೂ ಚುರುಕು.

ಇಬ್ಬರೂ ಮೇಸ್ತ್ರಿಯ ಬೈಕಿನಲ್ಲೇ ಹೋದರು. ಚಿಕ್ಕವನು ಬಾಯೊಳಗೇ ಮಾತುಗಳನ್ನು ಜೋಡಿಸುತ್ತ ಹೋದ. ಇವತ್ತು ಹೇಳಬೇಕಾದ್ದನ್ನೆಲ್ಲ ಹೇಳಿಯೇ ಬಿಡಬೇಕು, ಡ್ರಾಯರಿನಿಂದ ಹಿಡಿದು.

ಕಲ್ಲಿನಂಗಡಿಯ ಗೋಡೆ ತುಂಬ ಕಲ್ಲುಗಳೇ, ಮಣ್ಣಿನ ಬಣ್ಣದವು, ಹೊಗೆ ಬಣ್ಣದವು, ಸುಳ್ಳು ಇಟ್ಟಿಗೆಗಳು. ಅತ್ತಿಗೆಯ ಅಪ್ಪ ಒಂದು ಚಪ್ಪಡಿಯನ್ನು ಬೆರಳಿಂದ ಸವರುತ್ತಿದ್ದರು. ಅಣ್ಣನ ಕಚೇರಿಯ ಇಬ್ಬರು ಗೆಳೆಯರೂ ಇದ್ದರು. ಬಣ್ಣ ಆರಿಸಲು ಬಂದವರು. ಅಂಗಡಿಯವನು ಬಿಲ್ಲು ಅರ್ಧ ಬರೆದಿದ್ದ.

"ಬಾ ಬಾ, ಸರಿಯಾದ ಟೈಮಿಗೆ ಬಂದೆ," ಎಂದ ಅಣ್ಣ. "ಚೆಕ್ ಪುಸ್ತಕ ತಂದಿದ್ದೀಯಾ?"

ತಂದಿದ್ದ. ಅಂಗಿಯ ಜೇಬಿನಲ್ಲೇ ಇತ್ತು. ಚಿಕ್ಕವನು ಅದನ್ನು ತೆಗೆದು ಅಂಗಡಿಯವನ ಮೇಜಿನ ಮೇಲೆ ಬಿಡಿಸಿ, ಅವನ ಪೆನ್ನನ್ನೇ ಎತ್ತಿಕೊಂಡು ಬರೆದ. ಅಣ್ಣನ ಮುಖ ಅರಳಿತು. ಅತ್ತಿಗೆಯ ಅಪ್ಪ ಸರಿ ಸರಿ ಎಂದರು. ಚಿಕ್ಕವನು ಚೆಕ್ಕು ಹರಿದು ಮೇಸ್ತ್ರಿಯ ಕೈಗೆ ಕೊಟ್ಟ.

"ಐವತ್ತು. ಸೂರಿಗೆ. ನಾಳೆಯಿಂದ ಕೆತ್ತಿ. ಅರ್ಧ ಕೆಲಸ ಆದ ಮೇಲೆ ಬ್ಯಾಂಕಿಗೆ ಹಾಕಿ, ಇವತ್ತೇ ಬೇಡ."

ಅಂಗಡಿಯವನ ಕೈ ಬಿಲ್ಲಿನ ಮೇಲೆ ನಿಂತಿತು.

"ಇದೇನೋ ಇದು?" ಎಂದ ಅಣ್ಣ.

"ಅಡುಗೆಮನೆ ಸೂರು ಬೀಳ್ತಾ ಇದೆ. ನೀನು ಕೇಳಿದ್ಯಂತಲ್ಲ, ಮುಚ್ಚೋಣ ಅಂತ."

ಗೆಳೆಯರಿಬ್ಬರೂ ಅಣ್ಣನ ಕಡೆ ನೋಡಿದರು. ಅಣ್ಣನ ಕತ್ತು ಕೆಂಪಾಗತೊಡಗಿತು. "ಮುಚ್ಚೋಣ ಅಂದೆ, ಈ ವರ್ಷಕ್ಕೆ! ಮುಂದಿನ ವರ್ಷ ಮಾಡಿಸಬಹುದಿತ್ತು. ಇವರಿಗೆಲ್ಲ ಹೇಳಿದ್ದೀನಿ, ಗೃಹಪ್ರವೇ... ಮನೆ ತೋರಿಸ್ತೀನಿ ಅಂತ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಸರಿ. ಸೂರಿಗೆ ಕೊಟ್ಯಲ್ಲ, ಒಳ್ಳೇದು. ಈಗ ಡಿಪಾಸಿಟ್ಟು ಮುರಿಸು. ಓವರ್‌ಡ್ರಾಫ್ಟ್ ಸಾಲಾನೂ ತೀರುತ್ತೆ, ಉಳಿಯೋ ಎಂಬತ್ತೈದರಲ್ಲಿ ಐವತ್ತೈದು ಇದಕ್ಕೆ. ಬಡ್ಡಿ ಕಟ್ಟೋದಾದ್ರೂ ತಪ್ಪುತ್ತೆ ನಿನಗೆ."

ಲೆಕ್ಕ ತಪ್ಪಿರಲಿಲ್ಲ. ಮುರಿಸಿದರೆ ಸಾಲ ತೀರುತ್ತಿತ್ತು, ಬಡ್ಡಿ ನಿಲ್ಲುತ್ತಿತ್ತು. ಮಳಿಗೆ ಮೊಬೈಲಿನವನಿಗೆ ಹೋಗುತ್ತಿತ್ತು, ಅಷ್ಟೇ.

ಚಿಕ್ಕವನು ಚೆಕ್ ಪುಸ್ತಕ ಮಡಿಚಿ ಜೇಬಿಗಿಟ್ಟ.

"ಕೇಳಿಸ್ತಾ?" ಅಣ್ಣನ ದನಿ ಏರಿತು, ಇನ್ನು ಅದು ಚಿಕ್ಕವನಿಗಲ್ಲ, ಅಂಗಡಿಯಲ್ಲಿ ನಿಂತವರಿಗೆ. "ನೋಡಿ ಸ್ವಾಮಿ, ಅಂಗಡಿ ಇಡ್ತಾನಂತೆ ಇವನು! ಹೆಸರು ಬರೆಯೋಕೆ ಬಂದ್ರೆ ಹೆಚ್ಚು, ಓನರ್ ಆಗ್ತಾನಂತೆ. ಅಣ್ಣ ಏಳು ವರ್ಷ ಸಾಲದಲ್ಲಿ ಸಾಯ್ತಾನೆ, ಇವನು ದುಡ್ಡಿನ ಮೇಲೆ ಕೋಳಿ ಕೂತಂಗೆ ಕೂತಿದ್ದಾನೆ. ಗಂಡಸಾದ್ರೆ ಹೇಳು, ಮುರಿಸ್ತೀನಿ ಅಂತ. ಹೇಳೋ!"

ಒಬ್ಬ ಗೆಳೆಯ ನಕ್ಕ. ಇನ್ನೊಬ್ಬ ಕಲ್ಲು ನೋಡುತ್ತ ತಿರುಗಿಕೊಂಡ. ಮೇಸ್ತ್ರಿ ಚೆಕ್ಕನ್ನು ಎರಡು ಸಲ ಮಡಿಚಿದ.

ಚಿಕ್ಕವನ ಬಾಯಿಗೆ ಎಲ್ಲವೂ ಬಂತು. ದಾರಿಯುದ್ದಕ್ಕೂ ಜೋಡಿಸಿದ್ದದ್ದು ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಡ್ರಾಯರು, ಮೂವತ್ತು ಸಾವಿರ, ಬ್ಯಾಂಕಿನಲ್ಲಿ ಸಂಬಳ ತಾಳಲ್ಲ ಅನ್ನಿಸಿಕೊಂಡದ್ದು. ಕೊನೆಯದೊಂದನ್ನು ಹೇಳಿದರೆ ಸಾಕಿತ್ತು, ಆ ಗೆಳೆಯರ ಮುಂದೆ ಅಣ್ಣ ನೆಲಕ್ಕಿಳಿಯುತ್ತಿದ್ದ. ಅವುಗಳ ಹಿಂದೆಯೇ ಇನ್ನೊಂದು ಮಾತೂ ನೂಕಿಕೊಂಡು ಬರುತ್ತಿತ್ತು. 'ತಗೋ, ಮುರಿಸ್ತೀನಿ, ಸಾಯಿ' ಎನ್ನುವುದು. ಬಾಯಿ ತೆರೆದರೆ ಯಾವುದು ಮೊದಲು ಬೀಳುತ್ತದೆ ಎಂದು ಅವನಿಗೇ ಖಾತ್ರಿಯಿರಲಿಲ್ಲ. ದವಡೆ ಬಿಗಿ ಹಿಡಿದ. ಹಲ್ಲು ಹಲ್ಲಿಗೆ ಉಜ್ಜಿ ಕಿವಿಯೊಳಗೆ ಕರಕರ ಎಂದಿತು. ಅಣ್ಣನ ಕಣ್ಣನ್ನೇ ನೋಡಿದ. ಆ ಕಣ್ಣು ಮೊದಲು ಕದಲಿತು.

ಚಿಕ್ಕವನು ತಿರುಗಿ, ನಿಲ್ಲಿಸಿಟ್ಟ ಕಲ್ಲುಗಳ ನಡುವಿನ ಓಣಿಯಲ್ಲಿ ಮೈ ಅಡ್ಡ ಮಾಡಿಕೊಂಡು ಬಾಗಿಲ ಕಡೆ ನಡೆದ.

"ಲೇ, ನಿನಗೇ ಹೇಳ್ತಿರೋದು! ಎಲ್ಲಿಗೆ ಹೊರಟೆ? ಉತ್ತರ ಕೊಟ್ಟು ಹೋಗೋ!"

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅದು ದಾಟುವವರೆಗೂ ಕಾಯದೆ ಅದರ ಹಿಂದುಗಡೆಯಿಂದಲೇ ರಸ್ತೆ ದಾಟಿದ. ಅಣ್ಣ ಇನ್ನೂ ಕೂಗುತ್ತಿದ್ದ. ಚಿಕ್ಕವನು ತನ್ನ ಅಂಗಡಿಯ ಬೀದಿಯ ಕಡೆಗೆ, ಓಟಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ, ನಡೆಯುತ್ತಲೇ ಇದ್ದ.